ಮೊದಲು ಹೇಳುವ ಬೆಲೆ

ಚೌಕಾಸಿಗೆ ಆಸ್ಪದವಿರಲೆಂದು ಬೀದಿಬದಿಯ ವ್ಯಾಪಾರಿ ಮೊದಲ ಬೆಲೆಗೆ ಒಂದಿಷ್ಟು ಸೇರಿಸಿ ಹೇಳುವುದು ಅನ್ಯಾಯವೇ? ಈ ಪ್ರಶ್ನೆಗೆ ನನಗೆ ಉತ್ತರ ದೊರೆತದ್ದು ಚಂದ್ರಾ ಲೇಔಟ್‌ನ ಒಂದು ತಳ್ಳುಗಾಡಿಯ ಬಳಿ.

ಅಂದು ನಮ್ಮ ಗುರುನಿವಾಸದ ಅಡುಗೆಯವರಿಗೆ ಕೊಡಲೆಂದು ಒಂದು ಬೆಡ್‌ಶೀಟಿನ ಬೆಲೆ ವಿಚಾರಿಸಿದೆ. ವ್ಯಾಪಾರಿ ಹೆಣ್ಣುಮಗಳು 260 ರೂಪಾಯಿ ಎಂದಳು. ನಾನು 200 ಎಂದೆ. ಆಕೆ 245ಕ್ಕೆ ಇಳಿದಳು, ಬಳಿಕ 235ಕ್ಕೆ, ಕೊನೆಗೆ 230ಕ್ಕೆ ನಿಂತಳು. ಹಿಂದೆ ಕರೆದಾಳೆಂದು ನಾಲ್ಕು ಹೆಜ್ಜೆ ಮುಂದೆ ನಡೆದೆ. ಆಕೆ ಕರೆಯಲಿಲ್ಲ. ನಾನೇ ಮರಳಿ ಬಂದು ಕಾರಣ ಕೇಳಿದೆ.

"ಫಾದರ್, ಚಿಕ್ಕಪೇಟೆಯಲ್ಲೇ ಇದಕ್ಕೆ 170 ಕೊಟ್ಟಿದ್ದೀನಿ. ಆಟೋ, ಕವರು ಅಂತ ಇನ್ನು ಹತ್ತು. 210ಕ್ಕಿಂತ ಕೆಳಗೆ ಗಿಟ್ಟೋದಿಲ್ಲ. ಬೋಣಿ ಆಗದಿದ್ರೆ ಅಷ್ಟಕ್ಕೂ ಕೊಡ್ತೀನಿ. ಮಿಕ್ಕ ಹೊತ್ತಲ್ಲಿ 230 ಬಂದ್ರೆ ಮನೆ ನಡೆಯತ್ತೆ."

ಹೀಗೆ ಆಕೆಯ ಮನಸ್ಸಿನಲ್ಲಿ ಮೂರು ಬೆಲೆಗಳಿದ್ದವು: ಇಳಿಯಬಾರದ 210, ಬಯಸಿದ 230, ಬಾಯಲ್ಲಿ ಹೇಳುವ 260. ನೇರವಾಗಿ 230 ಎಂದರೆ ಗಿರಾಕಿ ಅದನ್ನೂ 200ಕ್ಕೆ ಎಳೆಯುತ್ತಾನೆ. 400 ಎಂದು 230ಕ್ಕೆ ಕೊಟ್ಟರೆ, ಆತ ಮರುಸಲ ಅರ್ಧಕ್ಕೇ ಕೇಳುತ್ತಾನೆ; ಆ ಗಾಡಿಯ ಮಾತಿಗೆ ಬೆಲೆ ಉಳಿಯುವುದಿಲ್ಲ. ಆಕೆ ಇಳಿದ ಬಗೆಯನ್ನೂ ಗಮನಿಸಿ: ಹದಿನೈದು, ಹತ್ತು, ಐದು. ಹೆಜ್ಜೆ ಕಿರಿದಾದಂತೆ ತಳ ಹತ್ತಿರವಾಯಿತೆಂದು ಗಿರಾಕಿಗೆ ತಾನಾಗಿಯೇ ತಿಳಿಯುತ್ತದೆ. ಒಮ್ಮೆಲೇ ಮೂವತ್ತು ಇಳಿಸಿದ್ದರೆ, ಇನ್ನೂ ಇಳಿಸಬಹುದೆಂಬ ಗುಮಾನಿ ಹುಟ್ಟುತ್ತಿತ್ತು.

ಆದರೆ ಚೌಕಾಸಿ ಅರಿಯದವರ ಗತಿ? ನಾನು ಅಲ್ಲಿರುವಾಗಲೇ ಒಬ್ಬ ಅಜ್ಜಿ ಬಂದು, ಮರುಮಾತಾಡದೆ 260 ಎಣಿಸಿಕೊಟ್ಟರು. ವ್ಯಾಪಾರಿ ಮೂವತ್ತು ರೂಪಾಯಿ ಹಿಂದಿರುಗಿಸಿ, "ತಗೊಳ್ಳಿ ಅಜ್ಜಿ, ಎಲ್ಲರಿಗೂ ಕೊಡೋ ರೇಟೇ ನಿಮಗೂ" ಎಂದಳು.

ಸಂತ ಥಾಮಸ್ ಅಕ್ವಿನಾಸರು 13ನೆಯ ಶತಮಾನದಲ್ಲೇ ಈ ವಿಷಯವನ್ನು ಪರಿಶೀಲಿಸಿದ್ದಾರೆ. ಅವರ ಅಭಿಪ್ರಾಯದಲ್ಲಿ ನ್ಯಾಯಬೆಲೆಯು ಗೆರೆ ಕೊರೆದಂಥದ್ದಲ್ಲ, ಒಂದು ಅಂದಾಜು. ತುಸು ಹೆಚ್ಚುಕಡಿಮೆಯಾದರೆ ನ್ಯಾಯ ಕೆಡುವುದಿಲ್ಲ. ಆದರೆ ಕೊಳ್ಳುವವನ ತೀವ್ರ ಅಗತ್ಯವನ್ನೇ ನೆಪಮಾಡಿ ಬೆಲೆ ಏರಿಸಲಾಗದು. ಆ ಅಗತ್ಯ ಮಾರುವವನ ಸೊತ್ತಲ್ಲ. ಹಾಗಾದರೆ ಅನ್ಯಾಯ ಇರುವುದು ಸೇರಿಸಿದ ಮೂವತ್ತು ರೂಪಾಯಿಯಲ್ಲಲ್ಲ. ಮುಖ ನೋಡಿ ಒಬ್ಬರಿಗೆ 260, ಮತ್ತೊಬ್ಬರಿಗೆ 400 ಹೇಳುವುದರಲ್ಲಿ, ತಿಳಿಯದವರಿಂದ ಅದನ್ನು ಹಾಗೆಯೇ ಇರಿಸಿಕೊಳ್ಳುವುದರಲ್ಲಿ. ನೆರೆಮನೆಯವರಿಬ್ಬರು ಸಂಜೆ ತಾವು ಕೊಟ್ಟ ಬೆಲೆಗಳನ್ನು ಹೋಲಿಸಿದಾಗ ಇಬ್ಬರಿಗೂ ನೋವಾಗದಿದ್ದರೆ ಆ ವ್ಯಾಪಾರ ನೇರವಾದದ್ದು.

ಸಂಪ್ರದಾಯದಂತೆ ನಾವು ಮಾರುವವರನ್ನಷ್ಟೇ ತೂಗುತ್ತೇವೆ. ಅಂದು ಆಕೆಯ ಹೊಟ್ಟೆಪಾಡಿನ ಗೆರೆಗಿಂತ ಹತ್ತು ರೂಪಾಯಿ ಕೆಳಗೆ ಕೇಳಿ, ನಡೆದುಹೋಗುವ ನಟನೆ ಮಾಡಿದವನು ನಾನು. 230 ಕೊಟ್ಟು ಬೆಡ್‌ಶೀಟನ್ನು ತಂದೆ.