ಅಡ್ಡಪಟ್ಟಿಗಳು ಹೇಳದೆ ಉಳಿಸಿದ್ದು

ನೌಪಾಡಾದ ನಮ್ಮ ಕಟ್ಟಡಕ್ಕೆ ನನಗಿಂತ ಸ್ವಲ್ಪ ಹೆಚ್ಚು ವಯಸ್ಸು. ಮೂರು ಮಳೆಗಾಲಗಳಿಂದ ಮೇಲಂತಸ್ತಿನ ಕಾಕೂ ಅವರ ನಡುಮನೆಯಲ್ಲಿ ಬಕೆಟ್ಟೊಂದು ಕಾಯಂ ಆಗಿ ಕುಳಿತಿತ್ತು. ಕೊನೆಗೂ ದುರಸ್ತಿ ನಿಶ್ಚಯವಾಗಿ, ಗುತ್ತಿಗೆದಾರರು ಕೆಲಸದ ವೇಳಾಪಟ್ಟಿಯನ್ನು ಸೊಸೈಟಿಯ ವಾಟ್ಸಾಪ್ ಗುಂಪಿಗೆ ಸ್ಕ್ರೀನ್‌ಶಾಟ್ ಆಗಿ ಕಳುಹಿಸಿದರು. ಅದರಲ್ಲಿ ಏಳು ಸಾಲು, ಏಳು ಬಣ್ಣದ ಪಟ್ಟಿಗಳಿದ್ದವು. ಮೇಲಿನ ತಾರೀಖುಗಳ ಸಾಲು ಮಾತ್ರ ಕತ್ತರಿಸಿಹೋಗಿತ್ತು. ಸರ್ಕಾರಿ ನೌಕರನಾದ್ದರಿಂದ ಇಂಥದ್ದನ್ನು ಓದಲು ನನಗೆ ಬಂದೇ ಬರುತ್ತದೆಂದು ಎಲ್ಲರೂ ನಂಬಿದರು. ನಾನೂ ನಂಬಿದೆ.

ಮೊದಲು ಅಳತೆ ಸಿಗಬೇಕಿತ್ತು. ಚಿತ್ರವನ್ನು ಮುದ್ರಿಸಿಕೊಂಡೆ. ಸಾರುವೆ ಕಟ್ಟುವ ಕೆಲಸ ಮಾರ್ಚ್ 2ರ ಸೋಮವಾರ ಆರಂಭವೆಂದು ತಿಳಿದಿತ್ತು. ಹಿನ್ನೆಲೆಯ ತೆಳುಗೆರೆಗಳು ವಾರಕ್ಕೊಂದರಂತೆ ಇದ್ದವು. ಅಲ್ಲಿಂದ ಎಣಿಸುತ್ತ, ಅಡಿಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ, ಪ್ರತಿ ಪಟ್ಟಿಯ ಆರಂಭವನ್ನೂ ಅಂತ್ಯವನ್ನೂ ವಾರದ ಸಂಖ್ಯೆಯಾಗಿ ಬರೆದುಕೊಂಡೆ. ಸಾರುವೆ 1ರಿಂದ 2. ಸಡಿಲ ಗಾರೆ ಕೆಡಹುವುದು 3ರಿಂದ 4. ಕಂಬಿ ಮತ್ತು ಕಾಂಕ್ರೀಟಿನ ದುರಸ್ತಿ 4ರಿಂದ 7. ಹೊರಗಿನ ಕೊಳವೆಗಳು 5ರಿಂದ 6. ತಾರಸಿಯ ನೀರುತಡೆ 5ರಿಂದ 9. ಹೊಸ ಗಾರೆ 8ರಿಂದ 10. ಬಣ್ಣ ಬಳಿದು ಸಾರುವೆ ಬಿಚ್ಚುವುದು 11ರಿಂದ 13. ಹದಿಮೂರನೆಯ ವಾರವೆಂದರೆ ಮೇ 30. ನಮ್ಮ ಕಡೆ ಮಳೆ ಹಿಡಿಯುವುದು ಸಾಮಾನ್ಯವಾಗಿ ಜೂನ್ ಎರಡನೆಯ ವಾರದಲ್ಲಿ.

ಎಲ್ಲರ ಕಣ್ಣೂ ತಾರಸಿಯ ಪಟ್ಟಿಯ ಮೇಲಿತ್ತು. ಅದು ಎಲ್ಲಕ್ಕಿಂತ ಉದ್ದ, ಸಾಲದೆಂಬಂತೆ ಕೆಂಪು. ಆದರೆ ಉದ್ದವಾಗಲಿ ಬಣ್ಣವಾಗಲಿ ನಿರ್ಣಾಯಕ ದಾರಿಯನ್ನು ತೋರುವುದಿಲ್ಲ. ಅದನ್ನು ಹುಡುಕಲು ಕೊನೆಯಿಂದ ಹಿಂದಕ್ಕೆ ನಡೆಯಬೇಕು. ಬಣ್ಣ ಯಾವುದಕ್ಕಾಗಿ ಕಾಯುತ್ತದೆ? ಗಾರೆಗಾಗಿ. ಗಾರೆ? ಕಾಂಕ್ರೀಟ್ ದುರಸ್ತಿಗಾಗಿ. ಅದು ಕೆಡಹುವ ಕೆಲಸಕ್ಕಾಗಿ, ಅದು ಸಾರುವೆಗಾಗಿ. ಈ ಸರಪಳಿಯಲ್ಲಿ ಎಲ್ಲಿಯೂ ಒಂದು ವಾರದ ಬಿಡುವಿಲ್ಲ. ಇಲ್ಲಿ ಯಾವುದು ತಡವಾದರೂ ಕೊನೆಯ ದಿನ ಅಷ್ಟೇ ಮುಂದಕ್ಕೆ ಹೋಗುತ್ತದೆ. ಕೊಳವೆಗಳು ಆರನೆಯ ವಾರ ಮುಗಿದು ಗಾರೆ ಎಂಟನೆಯ ವಾರ ಆರಂಭವಾಗುವುದರಿಂದ ಅವಕ್ಕೆ ಒಂದು ವಾರದ ಬಿಡುವಿದೆ. ತಾರಸಿಗಾಗಿ ಕಾಯುವವರು ಮಳೆಯನ್ನು ಬಿಟ್ಟರೆ ಯಾರೂ ಇಲ್ಲ; ಅದಕ್ಕೆ ನಾಲ್ಕು ವಾರದ ಬಿಡುವು. ಸಭೆಯಲ್ಲಿ ಇದನ್ನು ವಿವರಿಸಿ, "ಕಾಕೂ, ನೀವು ನಿಶ್ಚಿಂತೆಯಿಂದಿರಿ" ಎಂದು ಕೊಂಚ ಗತ್ತಿನಿಂದಲೇ ಹೇಳಿದೆ.

ಎರಡು ದಿನದ ಬಳಿಕ ಮೆಟ್ಟಿಲ ಬಳಿ ಸಿಕ್ಕ ಮೇಸ್ತ್ರಿ ಮಾತಿನ ನಡುವೆ, ತಾರಸಿಗೂ ಗೋಡೆಯ ಗಾರೆಗೂ ತಮ್ಮದೇ ಒಂದು ತಂಡವೆಂದ. ಮನೆಗೆ ಬಂದು ಹಾಳೆಯನ್ನು ಮತ್ತೆ ಬಿಡಿಸಿದೆ. ಎರಡು ಕೆಲಸಗಳಲ್ಲಿ ಪ್ರತಿಯೊಂದೂ ಇನ್ನೊಂದು ಮುಗಿಯುವ ಮೊದಲೇ ಆರಂಭವಾಗುವುದಾದರೆ ಅವು ಒಂದರ ಮೇಲೊಂದು ಹಾಯುತ್ತವೆ. ಕೆಡಹುವುದೂ ದುರಸ್ತಿಯೂ ನಾಲ್ಕನೆಯ ವಾರದಲ್ಲಿ ಹಾಗೆ ಹಾಯುತ್ತಿದ್ದವು. ತಂಡಗಳು ಬೇರೆ, ಒಂದು ಗೋಡೆ ಬಿಟ್ಟಂತೆ ಇನ್ನೊಬ್ಬರು ಏರುತ್ತಾರೆ, ತೊಂದರೆಯಿಲ್ಲ. ತಾರಸಿಯೂ ಗಾರೆಯೂ 8 ಮತ್ತು 9ನೆಯ ವಾರಗಳಲ್ಲಿ ಹಾಯುತ್ತಿದ್ದವು. ಅಲ್ಲಿ ಕೈಗಳು ಮಾತ್ರ ಅವೇ. ಹಾಗಾದರೆ ಗಾರೆ ಹತ್ತನೆಯ ವಾರಕ್ಕೆ ಜಾರುತ್ತದೆ, ಎಲ್ಲ ಮುಗಿಯುವುದು ಹದಿನೈದನೆಯ ವಾರದ ಕೊನೆಗೆ, ಜೂನ್ 13ಕ್ಕೆ. ಹಸಿ ಬಣ್ಣದ ಮೇಲೆ ಮಳೆ. ನಾನು ಬಿಡುವಿದೆಯೆಂದು ಸಾರಿದ ಕೆಂಪು ಪಟ್ಟಿಯೇ ಕೊನೆಯ ದಿನವನ್ನು ಹಿಡಿದೆಳೆಯುತ್ತಿತ್ತು.

ಹೆನ್ರಿ ಗ್ಯಾಂಟ್ ಈ ಬಗೆಯ ಪಟ್ಟಿಚಿತ್ರವನ್ನು ಬಳಕೆಗೆ ತಂದದ್ದು 1910ರ ದಶಕದಲ್ಲಿ. ಕೆಲ್ಲಿ ಮತ್ತು ವಾಕರ್ ನಿರ್ಣಾಯಕ ದಾರಿಯ ಲೆಕ್ಕವನ್ನು ರೂಪಿಸಿದ್ದು 1950ರ ದಶಕದ ಕೊನೆಗೆ. ನಡುವೆ ನಾಲ್ಕು ದಶಕಗಳು ಏಕೆ ಬಿದ್ದವೆಂದು ಆ ಸಂಜೆ ನನಗೆ ಅರ್ಥವಾಯಿತು. ಪಟ್ಟಿ ಯಾವಾಗ ಎಂಬುದನ್ನು ಹೇಳುತ್ತದೆ. ಯಾವುದರಿಂದಾಗಿ, ಯಾರಿಂದ ಎಂಬುದನ್ನು ಹೇಳುವುದಿಲ್ಲ. ಬಾಣದ ಗೆರೆಗಳಿಲ್ಲದ ಸ್ಕ್ರೀನ್‌ಶಾಟಿನಿಂದ ನಾವು ತೆಗೆಯುವ ದಾರಿ ಒಂದು ಊಹೆ. ಅದನ್ನು ಕೆಲಸ ಮಾಡುವವರ ಮುಂದಿಟ್ಟು ಕೇಳಲೇಬೇಕು.

ಮರುವಾರ ಸಭೆಯಲ್ಲಿ ತಪ್ಪೊಪ್ಪಿಕೊಂಡೆ. ತಾರಸಿಗೆ ಸಾರುವೆ ಬೇಕಿಲ್ಲವಾದ್ದರಿಂದ ಅದನ್ನು ಮೂರನೆಯ ವಾರದಲ್ಲೇ ಆರಂಭಿಸಿ ಏಳಕ್ಕೆ ಮುಗಿಸುವುದೆಂದು ಗುತ್ತಿಗೆದಾರರು ಒಪ್ಪಿದರು. ಗಾರೆ ಕೆಡಹಿದಾಗ ಎಣಿಸಿದ್ದಕ್ಕಿಂತ ಹೆಚ್ಚು ಕಂಬಿ ತುಕ್ಕುಹಿಡಿದಿತ್ತು. ದುರಸ್ತಿ ಒಂದು ವಾರ ಬೆಳೆಯಿತು. ಅದು ನಿರ್ಣಾಯಕ ದಾರಿಯ ಮೇಲಿನ ಕೆಲಸ, ಹಾಗಾಗಿ ಕೊನೆಯ ದಿನವೂ ಒಂದು ವಾರ ಸರಿಯಿತು. ಸಾರುವೆಯ ಕಡೆಯ ಬೊಂಬು ಇಳಿದದ್ದು ಜೂನ್ 6ರಂದು.

ಮೊದಲ ದೊಡ್ಡ ಮಳೆಯ ರಾತ್ರಿ ನಾನು ಮೇಲಂತಸ್ತಿಗೆ ಹೋದೆ. ಬಕೆಟ್ ಅದೇ ಜಾಗದಲ್ಲಿತ್ತು. "ಇರಲಿ ಬಿಡಿ, ನಿಮ್ಮ ಲೆಕ್ಕ ಒಮ್ಮೆ ತಪ್ಪಿತ್ತಲ್ಲ" ಎಂದರು ಕಾಕೂ. ಅದು ಒಣಗಿತ್ತು.