ಕಾಣದ ಕನಸು: ಯಶೋಧರನ ಸುಳ್ಳು ಮತ್ತು ನಮ್ಮ ಮನೆಮಾತಿನ ಸುಳ್ಳುಗಳು

ಜನ್ನನ ‘ಯಶೋಧರ ಚರಿತೆ’ಯನ್ನು ಪಾಠ ಹೇಳುವಾಗ ವಿದ್ಯಾರ್ಥಿಗಳ ಗಮನ ಸಾಮಾನ್ಯವಾಗಿ ಎರಡು ಸ್ಥಳಗಳಲ್ಲಿ ನಿಲ್ಲುತ್ತದೆ. ಮೊದಲನೆಯದು, ರಾಣಿ ಅಮೃತಮತಿ ಕುರೂಪಿಯಾದ ಮಾವುತ ಅಷ್ಟಾವಂಕನಿಗೆ ಮನಸೋತ ಪ್ರಸಂಗ. ಎರಡನೆಯದು, ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಮಾತ್ರಕ್ಕೆ ತಾಯಿ ಮಗ ಇಬ್ಬರೂ ಜನ್ಮಾಂತರಗಳಲ್ಲಿ ತೊಳಲಬೇಕಾಯಿತೆಂಬ ಸಂಕಲ್ಪಹಿಂಸೆಯ ಪ್ರಸಂಗ. 1209ರ ಈ ಚಿಕ್ಕ ಕಾವ್ಯದ ಮೇಲಿನ ವಿಮರ್ಶೆಯೂ ಬಹುಮಟ್ಟಿಗೆ ಈ ಎರಡು ದಡಗಳ ನಡುವೆಯೇ ಓಡಾಡಿದೆ. ಆದರೆ ಕಥೆಯನ್ನು ಮೊದಲ ದಡದಿಂದ ಎರಡನೆಯ ದಡಕ್ಕೆ ದಾಟಿಸುವ ಒಂದು ಸಣ್ಣ ಸಂಗತಿ ನಡುವೆ ಇದೆ. ಮಗನೊಬ್ಬ ತಾಯಿಗೆ ಹೇಳಿದ ಒಂದು ಸುಳ್ಳು ಅದು. ನನ್ನ ಎಣಿಕೆಯಲ್ಲಿ ಕಾವ್ಯದ ಕೀಲು ಇರುವುದು ಅಲ್ಲಿ.

ಸಂಗತಿಯನ್ನು ನೆನಪಿಸಿಕೊಳ್ಳೋಣ. ಉಜ್ಜಯಿನಿಯ ಅರಸ ಯಶೋಧರ ನಡುರಾತ್ರಿ ಹೆಂಡತಿಯ ಹಿಂದೆ ಹೋಗಿ, ಅವಳು ಮಾವುತನಿಂದ ಬೈಸಿಕೊಂಡು, ಹೊಡೆಸಿಕೊಂಡು, ಆದರೂ ಅವನ ಕಾಲಿಗೇ ಬೀಳುವುದನ್ನು ಕಣ್ಣಾರೆ ಕಾಣುತ್ತಾನೆ. ಕೊಲ್ಲಲು ಕತ್ತಿ ಎತ್ತಿದವನು ತನ್ನನ್ನು ತಾನೇ ತಡೆದುಕೊಂಡು ಮರಳಿ ಬಂದು ಹಾಸಿಗೆಯಲ್ಲಿ ಮಲಗುತ್ತಾನೆ. ಮರುದಿನ ತಾಯಿ ಚಂದ್ರಮತಿಯ ಬಳಿಗೆ ಹೋದಾಗ, ಕಂಡದ್ದನ್ನು ಕಂಡಂತೆ ಹೇಳಲು ಅವನಿಂದ ಆಗುವುದಿಲ್ಲ. ಹೇಳದೆ ಇರಲೂ ಆಗುವುದಿಲ್ಲ. ಕಣ್ಣಾರೆ ಕಂಡದ್ದನ್ನು ಒಂದು ಕೆಟ್ಟ ಕನಸಿನ ಮರೆಯಲ್ಲಿಟ್ಟು ಹೇಳುತ್ತಾನೆ.

ಈ ಸುಳ್ಳಿನಲ್ಲಿ ಲಾಭದ ಲೆಕ್ಕವಿಲ್ಲ. ಮುಪ್ಪಿನ ತಾಯಿ ನೋಯಬಾರದು, ಮನೆಯ ಮಾತು ಮನೆಯಲ್ಲೂ ಆಡಿದಂತಾಗಬಾರದು, ಅಪರಾಧಿಯಾದ ಹೆಂಡತಿಯ ಹೆಸರೂ ಬಾಯಿಗೆ ಬರಬಾರದು. ಇಷ್ಟನ್ನೂ ಒಟ್ಟಿಗೆ ಕಾಯಬಲ್ಲ ಮಾತು ಅವನಿಗೆ ಕನಸೊಂದೇ ಆಗಿ ತೋರಿತು. ನಾವು ದಿನವೂ ಆಡುವ ಸೌಜನ್ಯದ ಸುಳ್ಳುಗಳಿಗೂ ಹುಟ್ಟು ಇದೇ ತೆರನಾದ್ದು. ನಿಜವನ್ನು ಆಡಿದರೆ ಎದುರಿನವರ ಮುಖ ಸಣ್ಣದಾಗುತ್ತದೆ, ಮೌನವಾಗಿದ್ದರೆ ಇನ್ನೂ ಸಣ್ಣದಾಗುತ್ತದೆ ಎಂಬ ಇಕ್ಕಟ್ಟಿನಲ್ಲಿ ಅವು ಹುಟ್ಟುತ್ತವೆ.

ನಮ್ಮೂರು ಹಿಪ್ಪರಗಿ, ಕೃಷ್ಣೆಯ ದಂಡೆಯದು. ಆ ಸೀಮೆಯ ಮಾತಿನಲ್ಲಿ ಇಂಥ ಇಕ್ಕಟ್ಟುಗಳಿಗೆ ಸಿದ್ಧವಾದ ಮಾತುಗಳು ಬೇಕಾದಷ್ಟಿವೆ. ಊಟದ ಹೊತ್ತಿಗೆ ಒಬ್ಬರ ಮನೆ ಹೊಕ್ಕರೆ “ಬರ್ರಿ, ಊಟಾ ಮಾಡೂಣು” ಎನ್ನುತ್ತಾರೆ; ಬಂದವರು ಹಸಿದಿದ್ದರೂ “ಈಗರೆ ಮಾಡಿ ಬಂದೇನ್ರಿ” ಎನ್ನುತ್ತಾರೆ. ಹೊರಡುವವರು, ಮತ್ತೆ ಬರುವ ಯೋಚನೆ ಇಲ್ಲದಿದ್ದರೂ, “ಹೋಗಿ ಬರ್ತೀವ್ರಿ” ಎಂದೇ ಹೇಳುತ್ತಾರೆ. ಬರಿಯ “ಹೋಗ್ತೀವಿ” ಎಂಬುದು ನಮ್ಮಲ್ಲಿ ಅಶುಭದ ಮಾತು. ಇವೆಲ್ಲ ಸುಳ್ಳೇ ಎಂದು ಯಾರಾದರೂ ಕೇಳಿದರೆ, ಹತ್ತನೆಯ ಶತಮಾನದಲ್ಲಿ ಚಾವುಂಡರಾಯನ ಗುರು ನೇಮಿಚಂದ್ರರು ‘ಗೊಮ್ಮಟಸಾರ’ದಲ್ಲಿ ಮಾಡಿರುವ ಒಂದು ವಿಂಗಡಣೆಯನ್ನು ನಾನು ಮುಂದಿಡುತ್ತೇನೆ. ಅವರು ಮಾತನ್ನು ಸತ್ಯ, ಅಸತ್ಯ ಎಂದು ಎರಡೇ ಭಾಗ ಮಾಡಿ ಬಿಡುವುದಿಲ್ಲ. ಎರಡೂ ಬೆರೆತದ್ದು ಒಂದು, ಎರಡೂ ಅಲ್ಲದ್ದು ಇನ್ನೊಂದು, ಹೀಗೆ ನಾಲ್ಕು ಬಗೆ ಹೇಳುತ್ತಾರೆ. ಎರಡೂ ಅಲ್ಲದ ಆ ನಾಲ್ಕನೆಯ ಬಗೆಗೆ ‘ಅನುಭಯ’ವೆಂದು ಹೆಸರು. ಕರೆಯುವ ಮಾತು, ಅಪ್ಪಣೆಯ ಮಾತು, ಬೇಡುವ ಮಾತು, ಕೇಳುವ ಮಾತು ಮೊದಲಾದವು ಇದರೊಳಗೆ ಬರುತ್ತವೆ. ಇವು ಲೋಕದಲ್ಲಿರುವ ಯಾವ ಸಂಗತಿಯನ್ನೂ ಹೌದೆಂದೋ ಅಲ್ಲವೆಂದೋ ಸ್ಥಾಪಿಸಹೊರಡುವುದಿಲ್ಲವಾದ್ದರಿಂದ ಇವನ್ನು ಸತ್ಯಾಸತ್ಯದ ತಕ್ಕಡಿಯಲ್ಲಿಟ್ಟು ತೂಗಲಾಗುವುದಿಲ್ಲ.

“ಬರ್ರಿ, ಊಟಾ ಮಾಡೂಣು” ಎಂಬುದು ನಿಸ್ಸಂದೇಹವಾಗಿ ಇಂಥ ಆಮಂತ್ರಣದ ಮಾತು. “ಹೋಗಿ ಬರ್ತೀವ್ರಿ” ಎಂಬುದು ರೂಪದಲ್ಲಿ ಹೇಳಿಕೆಯಾದರೂ ಬಳಕೆಯಲ್ಲಿ ಅಪ್ಪಣೆ ಕೇಳುವ ಮಾತೇ. ಕೇಳಿದವರು ದಾರಿ ಕಾಯುತ್ತ ಕೂರುವುದಿಲ್ಲ. “ಈಗರೆ ಮಾಡಿ ಬಂದೇನ್ರಿ” ಎಂಬುದನ್ನು ಮಾತ್ರ ಹಾಗೆ ಸುಲಭವಾಗಿ ಒಳಗೆ ಸೇರಿಸಿಕೊಳ್ಳಲಾರೆವು. ಅದು ನಡೆದ ಸಂಗತಿಯ ಬಗ್ಗೆ ಆಡಿದ ಮಾತು, ಮತ್ತು ಸುಳ್ಳು. ಆದರೂ ಮನೆಯೊಡತಿ ಅದನ್ನು ಪೂರ್ತಿ ನಂಬುವುದಿಲ್ಲ. ಇನ್ನೊಮ್ಮೆ ಕರೆಯುತ್ತಾಳೆ, ಮೂರನೆಯ ಸಲಕ್ಕೆ ತಾಟು ಇಟ್ಟೇ ಬಿಡುತ್ತಾಳೆ. ಇಬ್ಬರಿಗೂ ಗೊತ್ತಿರುವ ಸುಳ್ಳು ಅದು. ಶಾಸ್ತ್ರಕಾರರು ಇದನ್ನು ಎಲ್ಲಿ ಇಡುತ್ತಿದ್ದರೆಂದು ನಾನು ಊಹಿಸಹೋಗುವುದಿಲ್ಲ. ಶಾಸ್ತ್ರವನ್ನು ನಮ್ಮ ಅನುಕೂಲಕ್ಕೆ ಹಿಗ್ಗಿಸುವ ಚಟ ಈಗಾಗಲೇ ಸಾಕಷ್ಟಿದೆ.

ಗೃಹಸ್ಥನ ಸತ್ಯವ್ರತವನ್ನು ಹೇಳುವಾಗ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಎರಡು ಮಾತು ಸೇರಿಸಿದ್ದಾರೆ. ಗೃಹಸ್ಥನು ತೊರೆಯಬೇಕಾದದ್ದು ಸ್ಥೂಲವಾದ ಸುಳ್ಳು, ಎಂಬುದು ಒಂದು. ಇನ್ನೊಬ್ಬರನ್ನು ವಿಪತ್ತಿಗೆ ಒಡ್ಡುವ ನಿಜವನ್ನೂ ಅವನು ಆಡಬಾರದು, ಎಂಬುದು ಇನ್ನೊಂದು. ಸೌಜನ್ಯದ ಸುಳ್ಳನ್ನು ಸಮರ್ಥಿಸುವವರು ಎರಡನೆಯದನ್ನು ಬಹಳ ಬೇಗ ಕೈಗೆತ್ತಿಕೊಳ್ಳುತ್ತಾರೆ. ಆದರೆ ಅಲ್ಲಿ ಹೇಳಿರುವುದು ವಿಪತ್ತು ತರುವ ನಿಜವನ್ನು ಆಡಬೇಡ ಎಂದಷ್ಟೇ. ಅದರ ಜಾಗದಲ್ಲಿ ಒಂದು ಸುಳ್ಳನ್ನು ಕಟ್ಟಿ ನಿಲ್ಲಿಸು ಎಂದಲ್ಲ. ಯಶೋಧರ ತಾಯಿಯ ಮುಂದೆ ಸುಮ್ಮನಿದ್ದಿದ್ದರೆ ವ್ರತ ಉಳಿಯುತ್ತಿತ್ತು. ಅವನು ಕನಸನ್ನು ಕಟ್ಟಿದ.

ಕಟ್ಟಿದ್ದರಿಂದ ಏನಾಯಿತು ಎನ್ನುವ ಮೊದಲು, ನಮ್ಮ ಸೀಮೆಯ ಕನ್ಯಾ ನೋಡುವ ಶಾಸ್ತ್ರದತ್ತ ಬರುತ್ತೇನೆ. ಹುಡುಗಿಯನ್ನು ನೋಡಲು ಬಂದವರು ಅವಲಕ್ಕಿ, ಚಹಾ ಮುಗಿಸಿ ಏಳುವಾಗ “ಮನ್ಯಾಗ ಮಾತಾಡಿ ತಿಳಸ್ತೀವ್ರಿ” ಎನ್ನುತ್ತಾರೆ. ಎಂಟು ದಿನ ಸುದ್ದಿ ಬಾರದಿದ್ದರೆ ಉತ್ತರ ಬಂದಂತೆಯೇ. ಹೆಣ್ಣಿನವರು ತಾವಾಗಿ ಕೇಳಿಸಿದರೆ, ಅಥವಾ ನಡುವೆ ಹಳೆಯ ನಂಟಿದ್ದರೆ, “ಜಾತಕ ಕೂಡಿ ಬರಲಿಲ್ರಿ” ಎಂಬ ಮಾತು ಬರುತ್ತದೆ. ಇದಕ್ಕಿಂತ ನಾಜೂಕಾದ ನಿರಾಕರಣೆ ನನಗೆ ತಿಳಿದಿಲ್ಲ. ಹುಡುಗಿಯ ಬಣ್ಣ, ಎತ್ತರ, ಓದು, ತಂದೆಯ ಹೊಲದ ಎಕರೆ ಯಾವುದೂ ಬಾಯಿಗೆ ಬರುವುದಿಲ್ಲ. ತಪ್ಪೆಲ್ಲ ಗ್ರಹಗಳದು, ಗ್ರಹಗಳಿಗೆ ಬೇಸರವಿಲ್ಲ. ಮುಂದಿನ ಜಾತ್ರೆಯಲ್ಲಿ ಎರಡು ಮನೆಯವರೂ ಎದುರಾದಾಗ ಮುಖ ತಿರುವುವ ಪ್ರಸಂಗ ಬರುವುದಿಲ್ಲ. ನೂರರಲ್ಲಿ ತೊಂಬತ್ತು ಸಲ ಈ ಸುಳ್ಳು ತನ್ನ ಕೆಲಸ ಮುಗಿಸಿ ಸುಮ್ಮನಾಗುತ್ತದೆ, ಏಕೆಂದರೆ ಕೇಳಿದವರಿಗೂ ಅದರ ಅರ್ಥ ಗೊತ್ತು.

ಗೊತ್ತಾಗದೆ ಹೋದ ಒಂದು ಸಲವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನಮ್ಮ ಬಂಧುವರ್ಗದ ಒಂದು ಮನೆಗೆ ಇದೇ ಉತ್ತರ ಬಂತು. ಹುಡುಗಿಯ ತಂದೆ ಸರಳ ಮನುಷ್ಯ. ಜಾತಕದಲ್ಲಿ ದೋಷವಿದೆಯೆಂಬ ಮಾತನ್ನು ಅಕ್ಷರಶಃ ತೆಗೆದುಕೊಂಡರು. ಬಸದಿಯ ಉಪಾಧ್ಯೇರ ಬಳಿ ಹೋಗಿ ನವಗ್ರಹ ಆರಾಧನೆ ಮಾಡಿಸಿದರು, ಮಗಳು ಕೆಲವು ವಾರ ಉಪವಾಸ ಹಿಡಿದಳು. ಆಮೇಲೆ ತಂದೆ ಗಂಡಿನವರ ಮನೆಗೆ ಮತ್ತೆ ಹೋಗಿ, “ಶಾಂತಿ ಮಾಡ್ಸೇವ್ರಿ ಕಾಕಾರ, ಇನ್ನ ಅಡ್ಡಿ ಇಲ್ಲಂತ” ಎಂದು ಕೈಮುಗಿದು ಕೂತರು. ಗಂಡಿನ ಮನೆಯ ಹಿರಿಯರು ಈಗ ಎರಡನೆಯ ಸುಳ್ಳು ಹೇಳಬೇಕಾಯಿತು: ಹುಡುಗ ಎರಡು ವರ್ಷ ಮದುವೆ ಬೇಡ ಅನ್ನುತ್ತಾನೆ. ಆರು ತಿಂಗಳಲ್ಲಿ ಬೇರೊಂದು ಊರಿನ ಹುಡುಗಿಯೊಡನೆ ಆ ಹುಡುಗನ ಮದುವೆಯ ಕಾರ್ಡು ಇವರ ಮನೆಗೂ ಬಂತು. ಕಳಿಸದೆ ಇದ್ದರೆ ಸಂಬಂಧ ಕೆಡುತ್ತದಲ್ಲ! ಮಗಳು ಆ ಕಾರ್ಡನ್ನು ಓದಿ ತಂದೆಗೆ ಕೇಳಿದ್ದು ಒಂದೇ ಮಾತು: “ಹಂಗಾರ ನನ್ನ ಜಾತಕಕ್ಕ ಏನಾಗಿತ್ತು, ಅಪ್ಪಾ?” ಆ ಎರಡು ಮನೆಗಳ ನಡುವೆ ಈಗ ಮಾತಿಲ್ಲ. ಮೊದಲ ದಿನವೇ “ನಮ್ಮ ಹುಡುಗಗ ಮನಸ್ಸಿಲ್ರಿ” ಎಂದಿದ್ದರೆ ಒಂದು ವಾರ ನೋವಾಗಿ ಮುಗಿಯುತ್ತಿತ್ತು ಎಂದು ಆ ತಂದೆಯೇ ನನ್ನೊಡನೆ ಹೇಳಿದ್ದಾರೆ.

ಈಗ ಚಂದ್ರಮತಿಯನ್ನು ನೋಡಿ. ಮಗ ಹೇಳಿದ ಕನಸನ್ನು ಅವಳು ನಂಬಿದಳು. ನಂಬಿದ ತಾಯಿ ಸುಮ್ಮನೆ ಕೂರುತ್ತಾಳೆಯೇ? ದುಃಸ್ವಪ್ನಕ್ಕೆ ಲೋಕರೂಢಿಯಲ್ಲಿ ಶಾಂತಿಯಿದೆ. ದೇವಿಗೆ ಬಲಿ ಕೊಡಬೇಕು ಎನ್ನುತ್ತಾಳೆ. ಅಹಿಂಸೆಯಲ್ಲಿ ನೆಲೆನಿಂತ ಮಗ ಒಪ್ಪುವುದಿಲ್ಲ. ವಾದ ಬೆಳೆಯುತ್ತದೆ. ಕಡೆಗೆ ಜೀವವಿರುವ ಕೋಳಿ ಬೇಡ, ಹಿಟ್ಟಿನದಾದರೂ ಆಗಲಿ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಆ ಹಿಟ್ಟಿನ ಕೋಳಿ ಕತ್ತಿಯ ಏಟಿಗೆ ಕೂಗಿತೆಂಬುದು ನಿಮಗೆ ಗೊತ್ತೇ ಇದೆ. ಇಲ್ಲಿ ಯಶೋಧರನ ಇಕ್ಕಟ್ಟು ಎಂಥದೆಂದು ಗಮನಿಸಬೇಕು. ತಾಯಿಯ ಚಿಕಿತ್ಸೆ ತಪ್ಪು ಎಂದು ಅವನು ವಾದಿಸಬಲ್ಲ; ರೋಗವೇ ಇಲ್ಲವೆಂದು ಹೇಳಲಾರ. ಹೇಳಿದರೆ ಕನಸು ಕಟ್ಟುಕಥೆಯೆಂದು ಬಯಲಾಗುತ್ತದೆ, ಅದರ ಹಿಂದೆ ಅಮೃತಮತಿಯ ಹೆಸರು ಬರುತ್ತದೆ. ತಾನು ಕಾಣದ ಕನಸಿಗೆ ತಾನು ಒಪ್ಪದ ಪರಿಹಾರವನ್ನು ತನ್ನ ಕೈಯಿಂದಲೇ ಮಾಡಬೇಕಾಗುತ್ತದೆ. ಸಂಕಲ್ಪಹಿಂಸೆಯನ್ನು ಚರ್ಚಿಸುವವರು ‘ತಾಯಿಯ ಒತ್ತಾಯ’ ಎಂದು ಬರೆದು ಮುಂದೆ ಹೋಗುತ್ತಾರೆ. ಆ ಒತ್ತಾಯದ ಎದುರು ಅವನನ್ನು ನಿರಾಯುಧನನ್ನಾಗಿ ಮಾಡಿದ್ದು ಅವನದೇ ಸುಳ್ಳು.

ಹೀಗಾಗಿ ಸೌಜನ್ಯದ ಸುಳ್ಳನ್ನು ತೂಗುವಾಗ, ಆಡಿದವನ ಮನಸ್ಸು ಎಷ್ಟು ಶುದ್ಧವಾಗಿತ್ತು ಎಂಬುದಕ್ಕಿಂತ, ಇದನ್ನು ನಂಬಿದವರು ನಾಳೆ ಬೆಳಿಗ್ಗೆ ಎದ್ದು ಏನು ಮಾಡುತ್ತಾರೆ ಎಂದು ನಾನು ನೋಡುತ್ತೇನೆ. “ಪಲ್ಯಾ ಛಲೋ ಆಗೈತ್ರಿ” ಎಂಬುದನ್ನು ನಂಬಿದವಳು ಇನ್ನೊಂದು ಸೌಟು ಬಡಿಸುತ್ತಾಳೆ. ಸುಳ್ಳಿನ ದಂಡವನ್ನು ಆಡಿದವನೇ ತಿಂದು ತೀರಿಸುತ್ತಾನೆ. “ಈಗರೆ ಊಟಾ ಆತ್ರಿ” ಎಂದವನು ತಾನೇ ಹಸಿದಿರುತ್ತಾನೆ. ಇಂಥ ಮಾತುಗಳು ಅಲ್ಲಿಗೇ ಮುಗಿಯುತ್ತವೆ. ಇಲ್ಲದ ದೋಷವನ್ನೋ ರೋಗವನ್ನೋ ಕಾರಣವಾಗಿ ಹೇಳುವ ಸುಳ್ಳು ಹಾಗೆ ಮುಗಿಯುವುದಿಲ್ಲ. ಕೇಳಿದವರಿಗೆ ನಮ್ಮ ಮೇಲೆ ಪ್ರೀತಿ ಹೆಚ್ಚಿದ್ದಷ್ಟೂ ಅದರ ಪರಿಹಾರಕ್ಕೆ ಹೆಚ್ಚು ಓಡಾಡುತ್ತಾರೆ.

ತಡೆಯುವ ಸುಳ್ಳೂ ಒಂದಿದೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಜಮಖಂಡಿ ತಾಲೂಕಿನ ನದಿದಂಡೆಯ ಹಳ್ಳಿಗಳಿಗೆ ನುಗ್ಗಿದಾಗ, ಪರಊರಿನಲ್ಲಿರುವ ಮಕ್ಕಳಿಗೆ ಹಿರಿಯರು ಫೋನಿನಲ್ಲಿ “ನೀರು ದೂರ ಐತಿ, ನೀವೇನ ಕಾಳಜಿ ಮಾಡಬ್ಯಾಡ್ರಿ” ಎನ್ನುತ್ತಿದ್ದುದುಂಟು. ಬಂದು ಏನೂ ಮಾಡಲಾಗದ ದೂರದಲ್ಲಿರುವ ಮಗಳಿಗೆ ಆ ಮಾತು ಒಂದು ರಾತ್ರಿಯ ನಿದ್ದೆ ಕೊಟ್ಟೀತು. ಗಾಡಿ ತಂದು ಕರೆದೊಯ್ಯಬಲ್ಲ ಹತ್ತಿರದ ಮಗನಿಗೆ ಹೇಳಿದರೆ ಅದೇ ಮಾತು ಅವನ ಕೈಕಟ್ಟಿದಂತೆ. ವಾಕ್ಯ ಒಂದೇ, ಕೇಳುವವನು ಬೇರೆ.

ಕಾವ್ಯಕ್ಕೆ ಮರಳಿದರೆ, ಜನ್ನ ಈ ವಿಷಯದಲ್ಲಿ ಎಷ್ಟು ಎಚ್ಚರದ ಕವಿ ಎಂಬುದಕ್ಕೆ ಇನ್ನೊಂದು ಸ್ಥಳವಿದೆ. ಮಾವುತನ ಏಟನ್ನು ತಡೆದುಕೊಂಡ ಅಮೃತಮತಿ, ಗಂಡ ಸರಸಕ್ಕೆಂದು ನೈದಿಲೆಯಿಂದ ಸೋಕಿಸಿದಾಗ ಮೂರ್ಛೆ ಹೋದಂತೆ ನಟಿಸುತ್ತಾಳೆ. ಅರಸನಿಗೆ ಅದು ನಟನೆಯೆಂದು ಗೊತ್ತು. ಆ ಸುಳ್ಳು ಅವನನ್ನು ಏನನ್ನೂ ಮಾಡಿಸುವುದಿಲ್ಲ, ಕಹಿಯಾದ ಒಂದು ವ್ಯಂಗ್ಯವನ್ನು ಆಡಿಸುತ್ತದೆ ಅಷ್ಟೆ. ಕಪಟದ ಸುಳ್ಳು ಕೇಳಿದವನ ಬಳಿ ಬಂದು ಸತ್ತುಬಿದ್ದಿತು. ಕರುಣೆಯ ಸುಳ್ಳು ಬಲಿಪೀಠದವರೆಗೆ ನಡೆಯಿತು. ಎರಡರ ಅಂತರ ನಂಬಿಕೆಯಲ್ಲಿದೆ.

ಬಲಿಯ ನಂತರ ವೈರಾಗ್ಯ ತಳೆದು ಮಗನಿಗೆ ಪಟ್ಟಕಟ್ಟಲು ಹೊರಟ ಯಶೋಧರ, ಅಮೃತಮತಿಯ ಔತಣಕ್ಕೆ ತಾಯಿಯೊಂದಿಗೆ ಹೋಗುತ್ತಾನೆ. ವಿಷದ ಉಂಡೆಯನ್ನು ಇಬ್ಬರೂ ತಿನ್ನುತ್ತಾರೆ. ಆ ಕೈಯಿಂದ ಊಟ ಮಾಡಬಾರದೆಂದು ಅನುಮಾನಿಸಲು ಚಂದ್ರಮತಿಗೆ ಯಾವ ಕಾರಣವೂ ಇರಲಿಲ್ಲ. ಇದ್ದ ಒಂದೇ ಕಾರಣ ಕನಸಿನ ಮರೆಯಲ್ಲಿ ಉಳಿದುಬಿಟ್ಟಿತ್ತು. ಮುಂದಿನ ಜನ್ಮದಲ್ಲಿ ಮಗ ನವಿಲಾಗಿ, ತಾಯಿ ನಾಯಿಯಾಗಿ ಅದೇ ಅರಮನೆಗೆ ಬರುತ್ತಾರೆ. ನವಿಲಿಗೆ ಹಿಂದಿನದೆಲ್ಲ ನೆನಪಾಗಿ ಅದು ಮಾವುತನ ಮೇಲೆ ಎರಗುತ್ತದೆ. ಏಟು ತಿಂದು ಉರುಳಿದ ಅದರ ಮೇಲೆ ನಾಯಿ ಬೀಳುತ್ತದೆ. ಅವನು ಯಾರ ಮೇಲೆ, ಏಕೆ ಎರಗಿದನೆಂಬುದು ಆಗಲೂ ಆ ತಾಯಿಗೆ ತಿಳಿಯದು.