ಮೂವತ್ತು ವರ್ಷ ತಡವಾದ ಒಂದು ಉತ್ತರ



ಅಧ್ಯಾಪಕನಾದವನು ನಿವೃತ್ತಿಯ ನಂತರ ತಾನು ಕಲಿಸಿದ್ದನ್ನು ನೆನೆದು ಸಂತೋಷಪಡುವುದು ವಾಡಿಕೆ. ಕಲಿಸದೆ ಬಿಟ್ಟದ್ದನ್ನು ನೆನೆಯುವವರು ಕಡಿಮೆ. ಇಂದು ಅಂಥದೊಂದು ಬಾಕಿಯ ವಿಷಯವನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕೆಂದಿದ್ದೇನೆ.

1991ರ ಮಾತು. ಮಂಗಳೂರಿನ ಪ್ರೌಢಶಾಲೆಯೊಂದರಲ್ಲಿ ಹತ್ತನೆಯ ತರಗತಿಗೆ ಗಣಿತ ಪಾಠ ಮಾಡುತ್ತಿದ್ದೆ. ಆ ದಿನ ಗೋಳದ ಘನಫಲ. ಕರಿಹಲಗೆಯ ಮೇಲೆ 4/3 π r³ ಎಂದು ಬರೆದು, ಅದರ ಸುತ್ತ ಒಂದು ಚೌಕ ಎಳೆದು, ಲೆಕ್ಕ ಬಿಡಿಸಲು ತೊಡಗಿದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ.

"ಮಾಷ್ಟ್ರೇ, ಈ ನಾಲ್ಕು ಮತ್ತು ಮೂರು ಎಲ್ಲಿಂದ ಬಂತು?"

"ಅದಕ್ಕೆ ಕಲನಶಾಸ್ತ್ರ ಬೇಕು ಮಾರಾಯ. ಪಿಯುಸಿಗೆ ಹೋದಾಗ ಗೊತ್ತಾಗ್ತದೆ. ಈಗ ಬಾಯಿಪಾಠ ಮಾಡು" ಎಂದೆ. ಹುಡುಗ ಕುಳಿತ. ನಾನು ಮುಂದಿನ ಲೆಕ್ಕಕ್ಕೆ ಹೋದೆ.

ಆತ ಪಿಯುಸಿಗೆ ಹೋಗಲೇ ಇಲ್ಲ. ಎಸ್ಸೆಸ್ಸೆಲ್ಸಿ ಮುಗಿಯುವಷ್ಟರಲ್ಲಿ ಮನೆಯ ಭಾರ ಹೆಗಲಿಗೆ ಬಿದ್ದು, ಲೇತ್ ಕೆಲಸ ಕಲಿಯಲು ಸೇರಿಕೊಂಡನೆಂದು ಬಳಿಕ ಕೇಳಿದೆ. ಪಿಯುಸಿಗೆ ಹೋಗದವನಿಗೆ ನನ್ನ ಉತ್ತರದಲ್ಲಿ ಏನೂ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಉತ್ತರವೇ ಸುಳ್ಳಾಗಿತ್ತು. ಕಲನಶಾಸ್ತ್ರವಿಲ್ಲದೆಯೇ, ಪೈಥಾಗೊರಸನ ಪ್ರಮೇಯವೊಂದನ್ನು ಬಲ್ಲ ಹತ್ತನೆಯ ತರಗತಿಯ ಹುಡುಗನಿಗೆ ಅದನ್ನು ತೋರಿಸಿಕೊಡಬಹುದಿತ್ತು. ಬಿ.ಎಡ್. ಪದವಿಯಿದ್ದ ನನಗೆ ಅದು ಆಗ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ಧೈರ್ಯವೂ ಇರಲಿಲ್ಲ.

ಈ ಸೂತ್ರ ಸುಲಭವಾಗಿ ಕೈಗೆ ಸಿಕ್ಕಿದ್ದಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ನಮ್ಮ ನಾಡಿನಲ್ಲಿದ್ದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಗೋಳದ ಘನಫಲಕ್ಕೆ ಎರಡು ನಿಯಮಗಳನ್ನು ಕೊಟ್ಟಿದ್ದಾರೆ. ತ್ರಿಜ್ಯದ ಘನವನ್ನು ಒಂಬತ್ತರಿಂದ ಗುಣಿಸಿ ಅರ್ಧ ಮಾಡಿದರೆ ಸ್ಥೂಲ ಬೆಲೆ. ಅದರ ಹತ್ತರಲ್ಲಿ ಒಂಬತ್ತು ಭಾಗ ಸೂಕ್ಷ್ಮ ಬೆಲೆ. ತ್ರಿಜ್ಯ 5 ಸೆಂ.ಮೀ. ಎಂದಿಟ್ಟುಕೊಂಡರೆ ಸ್ಥೂಲ ಬೆಲೆ 562.5, ಸೂಕ್ಷ್ಮ ಬೆಲೆ 506.25 ಘನ ಸೆಂ.ಮೀ. ನಿಜವಾದದ್ದು ಸುಮಾರು 523.6. ಒಂದು ಮೇಲಾಯಿತು, ಇನ್ನೊಂದು ಕೆಳಗಾಯಿತು. 1150ರಲ್ಲಿ ಭಾಸ್ಕರಾಚಾರ್ಯರು 'ಲೀಲಾವತಿ'ಯಲ್ಲಿ ಗೋಳದ ಮೇಲ್ಮೈಯನ್ನು ವ್ಯಾಸದಿಂದ ಗುಣಿಸಿ ಆರರಿಂದ ಭಾಗಿಸಬೇಕೆಂದು ಸರಿಯಾದ ನಿಯಮವನ್ನೇ ಹೇಳಿದರು. ಮಹಾವೀರಾಚಾರ್ಯರಂಥವರೇ ಎಡವಿದ ಜಾಗವನ್ನು "ಬಾಯಿಪಾಠ ಮಾಡು" ಎಂದು ದಾಟಿಬಿಟ್ಟೆನಲ್ಲ ಎಂದು ಈಗ ನಾಚಿಕೆಯಾಗುತ್ತದೆ.

ನಾನು ಹೇಳಬೇಕಾಗಿದ್ದ ಉತ್ತರ ಹೀಗಿದೆ. ಆರ್ಕಿಮಿಡೀಸನು ಗೋಳ, ಶಂಕು, ಸಿಲಿಂಡರುಗಳ ಹೋಳುಗಳನ್ನು ತಕ್ಕಡಿಯಲ್ಲಿ ತೂಗಿದಂತೆ ಹೋಲಿಸಿ ಈ ಫಲವನ್ನು ಕಂಡುಕೊಂಡಿದ್ದ. 1635ರಲ್ಲಿ ಇಟಲಿಯ ಕವಲಿಯೇರಿ ಪ್ರಕಟಿಸಿದ ಗ್ರಂಥದಿಂದಾಗಿ, ಸಮಾನ ಹೋಳುಗಳ ತತ್ತ್ವಕ್ಕೆ ಅವನ ಹೆಸರು ನಿಂತಿತು. ಒಂದೇ ಎತ್ತರದ ಎರಡು ಘನವಸ್ತುಗಳನ್ನು ಒಂದೇ ಮೇಜಿನ ಮೇಲೆ ಇಟ್ಟು, ಯಾವ ಎತ್ತರದಲ್ಲಿ ಅಡ್ಡಲಾಗಿ ಕೊಯ್ದರೂ ಎರಡರ ಹೋಳುಗಳ ವಿಸ್ತೀರ್ಣ ಸಮವಾಗಿದ್ದರೆ, ಅವುಗಳ ಘನಫಲವೂ ಸಮ. ಹೋಳುಗಳ ಆಕಾರ ಬೇರೆಯಾಗಿದ್ದರೂ ಚಿಂತೆಯಿಲ್ಲ.

ಈಗ 5 ಸೆಂ.ಮೀ. ತ್ರಿಜ್ಯದ ಅರ್ಧಗೋಳವೊಂದನ್ನು ಚಪ್ಪಟೆಯ ಬದಿ ಕೆಳಗಾಗುವಂತೆ, ಕವುಚಿಟ್ಟ ಗೆರಟೆಯಂತೆ, ಮೇಜಿನ ಮೇಲಿಡಿ. ಅದರ ಪಕ್ಕದಲ್ಲಿ 5 ಸೆಂ.ಮೀ. ತ್ರಿಜ್ಯ, 5 ಸೆಂ.ಮೀ. ಎತ್ತರದ ಸಿಲಿಂಡರನ್ನಿಡಿ. ಈ ಸಿಲಿಂಡರಿನೊಳಗೆ ಮೇಲಿನಿಂದ ಒಂದು ಶಂಕುವನ್ನು ಕೊರೆದು ತೆಗೆಯಬೇಕು. ಶಂಕುವಿನ ಅಗಲವಾದ ಬಾಯಿ ಮೇಲಿರಲಿ, ತುದಿ ಸರಿಯಾಗಿ ತಳದ ನಡುವಿಗೆ ಮುಟ್ಟಲಿ. ಉಳಿದದ್ದು ಒಂದು ಬಟ್ಟಲು.

ಮೇಜಿನಿಂದ 3 ಸೆಂ.ಮೀ. ಎತ್ತರದಲ್ಲಿ ಎರಡನ್ನೂ ಕೊಯ್ಯೋಣ. ಅರ್ಧಗೋಳದಲ್ಲಿ ಸಿಗುವುದು ದುಂಡು ಬಿಲ್ಲೆ. ಅದರ ಅಂಚಿನಿಂದ ಗೋಳದ ಕೇಂದ್ರಕ್ಕೆ ದೂರ 5, ಎತ್ತರ 3. ಆದುದರಿಂದ ಪೈಥಾಗೊರಸನ ಪ್ರಕಾರ ಬಿಲ್ಲೆಯ ತ್ರಿಜ್ಯ 4, ವಿಸ್ತೀರ್ಣ 16π. ಬಟ್ಟಲಿನಲ್ಲಿ ಸಿಗುವುದು ಬಳೆಯಂಥ ಹೋಳು. ಅದರ ಹೊರ ತ್ರಿಜ್ಯ 5. ಶಂಕುವಿನ ಎತ್ತರವೂ ಬಾಯಿಯ ತ್ರಿಜ್ಯವೂ ಒಂದೇ ಆಗಿರುವುದರಿಂದ, ತುದಿಯಿಂದ 3 ಸೆಂ.ಮೀ. ಮೇಲೆ ತೂತಿನ ತ್ರಿಜ್ಯ 3. ಬಳೆಯ ವಿಸ್ತೀರ್ಣ 25π − 9π, ಅಂದರೆ 16π. ಇನ್ನು 4 ಸೆಂ.ಮೀ. ಎತ್ತರದಲ್ಲಿ ನೋಡಿ: ಬಿಲ್ಲೆ 9π, ಬಳೆ 25π − 16π, ಮತ್ತೆ 9π. ಎತ್ತರ h ಏನೇ ಇರಲಿ, ಬಿಲ್ಲೆಯೂ π(r² − h²), ಬಳೆಯೂ π(r² − h²).

ಇಲ್ಲಿ ಒಂದು ಎಚ್ಚರಿಕೆ ಬೇಕು. ಶಂಕುವನ್ನು ತಲೆಕೆಳಗು ಮಾಡಿ, ಬಾಯಿ ಮೇಜಿನ ಕಡೆಗೆ ಬರುವಂತೆ ಚಿತ್ರ ಬರೆದರೆ ಹೋಳುಗಳು ಹೊಂದುವುದಿಲ್ಲ. ತಳವನ್ನು ನೋಡಿದರೆ ತಪ್ಪು ಗೊತ್ತಾಗುತ್ತದೆ. ಅರ್ಧಗೋಳಕ್ಕೆ ತಳದಲ್ಲಿ ತುಂಬು ಬಿಲ್ಲೆಯಿದೆ. ಹಾಗಾಗಿ ಬಟ್ಟಲಿನ ತಳವೂ ತುಂಬಿರಬೇಕು.

ಹೋಳು ಸಮವಾದರೆ ಘನಫಲ ಏಕೆ ಸಮವೆಂದು ಕೇಳುವ ಹಕ್ಕು ನಿಮಗಿದೆ. ಎರಡನ್ನೂ 1 ಮಿ.ಮೀ. ದಪ್ಪದ 50 ಪದರಗಳಾಗಿ ಕೊಯ್ದಿದ್ದೇವೆನ್ನಿ. ಎರಡರಲ್ಲೂ ಮೇಲೆ ಹೋದಂತೆ ಹೋಳು ಕಿರಿದಾಗುತ್ತದೆ. ಪ್ರತಿ ಪದರದ ಘನಫಲ ಅದರ ಮೇಲ್ಮುಖದ ವಿಸ್ತೀರ್ಣ ಗುಣಿಸು ದಪ್ಪಕ್ಕಿಂತ ಕಡಿಮೆಯಲ್ಲ, ಕೆಳಮುಖದ ವಿಸ್ತೀರ್ಣ ಗುಣಿಸು ದಪ್ಪಕ್ಕಿಂತ ಹೆಚ್ಚಲ್ಲ. ಒಂದು ಪದರದ ಮೇಲ್ಮುಖವೇ ಮುಂದಿನದರ ಕೆಳಮುಖ. ಎಲ್ಲ ಪದರಗಳನ್ನು ಕೂಡಿಸಿದಾಗ ನಡುವಿನವೆಲ್ಲ ಪರಸ್ಪರ ಕಳೆದುಹೋಗಿ, ಕನಿಷ್ಠ ಗರಿಷ್ಠಗಳ ನಡುವೆ ಉಳಿಯುವ ಅಂತರ ತಳದ ಒಂದು ಪದರದಷ್ಟು ಮಾತ್ರ: 25π × 0.1, ಸುಮಾರು 7.85 ಘನ ಸೆಂ.ಮೀ. ಅರ್ಧಗೋಳಕ್ಕೂ ಬಟ್ಟಲಿಗೂ ಈ ಮೇರೆಗಳು ಒಂದೇ ಆದುದರಿಂದ ಅವುಗಳ ವ್ಯತ್ಯಾಸ ಅದಕ್ಕಿಂತ ಹೆಚ್ಚಿರಲಾರದು. ಪದರವನ್ನು ಹತ್ತು ಪಟ್ಟು ತೆಳುವಾಗಿಸಿದರೆ ವ್ಯತ್ಯಾಸ 0.785ಕ್ಕಿಂತ ಹೆಚ್ಚಿರಲಾರದು. ಎಷ್ಟು ತೆಳುವಾಗಿಸಿದರೂ ಮಾತು ನಿಲ್ಲುತ್ತದೆಯಾದ್ದರಿಂದ ವ್ಯತ್ಯಾಸವೇ ಇಲ್ಲ.

ಇನ್ನು ಶಂಕುವು ಸಿಲಿಂಡರಿನ ಮೂರನೆಯ ಒಂದು ಭಾಗ ಎಂಬುದು ಉಳಿಯಿತು. ಅದನ್ನೂ ಬಾಯಿಪಾಠಕ್ಕೆ ಬಿಟ್ಟರೆ ಹಳೆಯ ತಪ್ಪನ್ನೇ ಮತ್ತೆ ಮಾಡಿದಂತೆ. ಒಂದು ಸಮಘನದ ಒಂದು ಮೂಲೆಯನ್ನು, ಅದನ್ನು ಮುಟ್ಟದಿರುವ ಮೂರು ಮುಖಗಳಿಗೆ ಸೇರಿಸಿ ಕೊಯ್ದರೆ, ಒಂದೇ ರೀತಿಯ ಮೂರು ಚೌಕಬುಡದ ಗೋಪುರಗಳಾಗುತ್ತವೆ. ಆದುದರಿಂದ ಒಂದು ಗೋಪುರ r³ರ ಮೂರನೆಯ ಒಂದು ಭಾಗ. ಅದರ ತುದಿಯಿಂದ x ದೂರದಲ್ಲಿ ಹೋಳು x². ನಮ್ಮ ಶಂಕುವಿನಲ್ಲಿ πx². ಎಲ್ಲೆಲ್ಲೂ π ಪಟ್ಟು, ಹಾಗಾಗಿ ಶಂಕುವಿನ ಘನಫಲ 1/3 π r³. ಸಿಲಿಂಡರು π r³. ಅದರಿಂದ ಶಂಕುವನ್ನು ಕಳೆದರೆ ಬಟ್ಟಲು 2/3 π r³. ಅರ್ಧಗೋಳವೂ ಅಷ್ಟೇ. ಇಡೀ ಗೋಳ ಅದರ ಎರಡರಷ್ಟು: 4/3 π r³. ಹುಡುಗ ಕೇಳಿದ ನಾಲ್ಕೂ ಮೂರೂ ಬಂದದ್ದು ಇಲ್ಲಿಂದ.

2020ರಲ್ಲಿ ನಿವೃತ್ತನಾದ ಮೇಲೆ ಹಳೆಯ ವಿದ್ಯಾರ್ಥಿಯೊಬ್ಬರಿಂದ ಆತನ ವಿಳಾಸ ಸಿಕ್ಕಿತು. 2022ರಲ್ಲಿ ಒಂದು ದಿನ ಬೈಕಂಪಾಡಿಯಲ್ಲಿರುವ ಅವನ ಸಣ್ಣ ಲೇತ್ ಕಾರ್ಖಾನೆಗೆ ಹೋದೆ. ತಲೆಗೂದಲು ನೆರೆತಿತ್ತು. "ಮಾಷ್ಟ್ರೇ, ನೀವಾ!" ಎಂದು ಕೈ ಒರೆಸಿಕೊಂಡು ಸ್ಟೂಲು ಎಳೆದು ಕೊಟ್ಟ. ಬಂದ ಕಾರಣ ಹೇಳಿದೆ. ತಾನು ಕೇಳಿದ ಪ್ರಶ್ನೆ ಅವನಿಗೆ ನೆನಪಿರಲಿಲ್ಲ. ನನಗೆ ಸ್ವಲ್ಪ ಪೆಚ್ಚಾಯಿತು. ಆದರೂ ಬಿಲ್ ಪುಸ್ತಕದ ಹಿಂಬದಿಯಲ್ಲಿ ಚಿತ್ರ ಬರೆದು ವಿವರಿಸಿದೆ. 3, 4, 5ರ ಹೋಳು ಬಂದಾಗ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು 4ರ ಹೋಳನ್ನು ತಾನೇ ಲೆಕ್ಕ ಹಾಕಿದ.

"ಇದನ್ನು ಮಾಡಿ ತೂಗಿದರೆ ಗೊತ್ತಾಗ್ತದಲ್ಲ" ಎಂದವನು ಅವನೇ. ಒಂದು ವಾರ ಬಿಟ್ಟು ಕರೆದ. ಒಂದೇ ಅಲ್ಯುಮಿನಿಯಂ ಸರಳಿನಿಂದ ಅರ್ಧಗೋಳವನ್ನೂ ಬಟ್ಟಲನ್ನೂ ಲೇತ್‌ನಲ್ಲಿ ಕಡೆದು ಇಟ್ಟಿದ್ದ. ತಕ್ಕಡಿಯಲ್ಲಿ ಅರ್ಧಗೋಳ 706 ಗ್ರಾಂ, ಬಟ್ಟಲು 713 ಗ್ರಾಂ. ನನ್ನ ಮುಖ ಸಪ್ಪಗಾಯಿತು. ಅವನು ನಕ್ಕ.

"ಅಂಚು ನೋಡಿ ಮಾಷ್ಟ್ರೇ. ನಿಮ್ಮ ಚಿತ್ರದಲ್ಲಿ ಅಂಚಿಗೆ ದಪ್ಪವೇ ಇಲ್ಲ. ಹಾಗೆ ಕಡೆದರೆ ಅದು ಬ್ಲೇಡ್ ಆಗ್ತದೆ, ಹರಿದುಹೋಗ್ತದೆ. ಅರ್ಧ ಮಿಲಿಮೀಟರ್ ಬಿಟ್ಟಿದ್ದೇನೆ."

ಅಲ್ಲಿಯೇ ಲೆಕ್ಕ ಹಾಕಿದೆವು. ತೂತಿನ ಬಾಯಿಯ ತ್ರಿಜ್ಯ 5ರ ಬದಲು 4.95 ಆದರೆ ಶಂಕು 130.9ರಿಂದ 128.3 ಘನ ಸೆಂ.ಮೀ.ಗೆ ಇಳಿಯುತ್ತದೆ. ಹೆಚ್ಚಾಗಿ ಉಳಿದ ಲೋಹ 2.6 ಘನ ಸೆಂ.ಮೀ.; ಒಂದಕ್ಕೆ 2.7 ಗ್ರಾಂನಂತೆ 7 ಗ್ರಾಂ. ಲೆಕ್ಕ ಹೊಂದಿತು.

ಅವನು ಇನ್ನೊಂದು ಪ್ರಶ್ನೆ ಹಾಕಿದ. "ಹಾಗಾದ್ರೆ ಪೈಂಟೂ ಎರಡಕ್ಕೆ ಸಮ ಬೇಕಾಗ್ತದಾ?" ಈ ಸಲ ನಾನು ಬಾಯಿಪಾಠದ ಮಾತು ಆಡಲಿಲ್ಲ. ತಳವನ್ನು ಬಿಟ್ಟರೆ ಅರ್ಧಗೋಳದ ಮೇಲ್ಮೈ 157 ಚದರ ಸೆಂ.ಮೀ.; ಬಟ್ಟಲಿಗೆ ಹೊರಗೆ 157, ಒಳಗೆ ಇನ್ನೂ 111. ಹೋಳುಗಳ ವಿಸ್ತೀರ್ಣ ಘನಫಲವನ್ನು ಹೇಳುತ್ತದೆಯೇ ಹೊರತು ಮೇಲ್ಮೈಯನ್ನಲ್ಲ. ಬಿಲ್ಲೆಯ ಅಂಚು ಎಷ್ಟು ಉದ್ದ, ಎಷ್ಟು ಓರೆ ಎಂಬುದು ಅದಕ್ಕೆ ತಿಳಿಯದು.

ಅರ್ಧಗೋಳವನ್ನು ಅವನು ತನ್ನ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟುಕೊಂಡಿದ್ದಾನೆ. ಬಟ್ಟಲು ನನ್ನ ಮೇಜಿನ ಮೇಲಿದೆ, ಪೆನ್ಸಿಲಿನ ಚೂರುಗಳನ್ನು ಹಾಕಲು. ಮೊಮ್ಮಗಳು ಬಂದಾಗಲೆಲ್ಲ ಅದರ ಅಂಚಿಗೆ ಬೆರಳು ತಾಗಿಸಬೇಡವೆಂದು ಹೇಳುತ್ತಿರುತ್ತೇನೆ.